ಗೃಹಸಾಲದ ವರ್ಗಾವಣೆ: ಖರ್ಚು ಯಾವ ತಿಂಗಳಿಗೆ ಗಿಟ್ಟುತ್ತದೆ?

(ಬೆಂಗಳೂರಿನ ಜಯನಗರದಲ್ಲಿ ಮನೆಸಾಲ ತೀರಿಸುತ್ತಿರುವ ನಿವಾಸಿಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಈ ಸಂಜೆ ನಾನು ಒಂದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ನಿಮ್ಮ ಮನೆಸಾಲಕ್ಕೆ ಈಗಿನ ಬ್ಯಾಂಕು ಶೇ 8.75 ಬಡ್ಡಿ ಹಾಕುತ್ತಿದೆ. ಇನ್ನೊಂದು ಬ್ಯಾಂಕಿನವರು ಫೋನು ಮಾಡಿ, ಶೇ 7.75ಕ್ಕೆ ಕೊಡುತ್ತೇವೆ, ಸಾಲವನ್ನು ನಮ್ಮಲ್ಲಿಗೆ ವರ್ಗಾಯಿಸಿಕೊಳ್ಳಿ ಎನ್ನುತ್ತಿದ್ದಾರೆ. ಹೋಗಬೇಕೇ, ಬೇಡವೇ? ಹೆಚ್ಚಿನವರು ಈಗಿನ ದರವನ್ನು ಹೊಸ ಬ್ಯಾಂಕಿನ ದರದೊಂದಿಗೆ ಹೋಲಿಸಿ, ಶೇ 1ರಷ್ಟು ವ್ಯತ್ಯಾಸ ಕಂಡೊಡನೆ ತೀರ್ಮಾನಕ್ಕೆ ಬರುತ್ತಾರೆ. ನನ್ನ ವಾದವೇನೆಂದರೆ, ಆ ಹೋಲಿಕೆ ಅಪೂರ್ಣ. ಹೊಸ ಬ್ಯಾಂಕಿನ ದರವನ್ನು ಹೋಲಿಸಬೇಕಾದದ್ದು ನೀವು ಈಗ ಕಟ್ಟುತ್ತಿರುವ ದರದೊಂದಿಗಲ್ಲ, ಕೇಳಿದರೆ ನಿಮ್ಮದೇ ಬ್ಯಾಂಕು ಇಳಿಸಿಕೊಡಬಹುದಾದ ದರದೊಂದಿಗೆ. ಇಷ್ಟನ್ನು ಬದಲಿಸಿದರೆ ಲೆಕ್ಕ ಎಷ್ಟು ತಿರುಗಿಬೀಳುತ್ತದೆ ಎಂಬುದನ್ನು ಒಂದು ಉದಾಹರಣೆಯನ್ನು ಕೊನೆಯವರೆಗೆ ಬಿಡಿಸಿ ತೋರಿಸುತ್ತೇನೆ.

ಮೊದಲು, ಒಂದೇ ಬ್ಯಾಂಕಿನಲ್ಲಿ ಹಳೆಯ ಗ್ರಾಹಕನಿಗೆ ಒಂದು ದರ, ಹೊಸಬನಿಗೆ ಇನ್ನೊಂದು ದರ ಏಕೆ ಎಂಬುದನ್ನು ನೋಡೋಣ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಚರ ಬಡ್ಡಿಯ ಹೊಸ ಗೃಹಸಾಲಗಳೆಲ್ಲ ಬ್ಯಾಂಕಿನ ಹೊರಗಿನ ಒಂದು ಮಾನದಂಡಕ್ಕೆ ಜೋಡಣೆಯಾಗಿರಬೇಕು ಎಂದು ರಿಸರ್ವ್ ಬ್ಯಾಂಕ್ ವಿಧಿಸಿತು. ಬಹುತೇಕ ಬ್ಯಾಂಕುಗಳು ಇದಕ್ಕೆ ರೆಪೊ ದರವನ್ನೇ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರವನ್ನೇ, ಆರಿಸಿಕೊಂಡಿವೆ. ಹೀಗಾಗಿ ನಿಮ್ಮ ಬಡ್ಡಿಯಲ್ಲಿ ಎರಡು ಭಾಗಗಳಿವೆ: ರೆಪೊ ದರ ಒಂದು, ಅದರ ಮೇಲೆ ಬ್ಯಾಂಕು ಸೇರಿಸುವ ಸ್ಪ್ರೆಡ್ ಇನ್ನೊಂದು. 2025ರ ಫೆಬ್ರವರಿಯವರೆಗೆ ಶೇ 6.50 ಇದ್ದ ರೆಪೊ ದರ ಹಂತಹಂತವಾಗಿ ಇಳಿದು ಅದೇ ವರ್ಷದ ಡಿಸೆಂಬರ್‌ನಲ್ಲಿ ಶೇ 5.25ಕ್ಕೆ ಬಂದಿತು. ರೆಪೊ ಇಳಿದಾಗ ಅದಕ್ಕೆ ಜೋಡಣೆಯಾದ ಸಾಲಗಳೆಲ್ಲವೂ, ಹಳೆಯದಿರಲಿ ಹೊಸದಿರಲಿ, ಮೂರು ತಿಂಗಳೊಳಗೆ ಇಳಿಯಲೇಬೇಕು. ಆದರೆ ಸ್ಪ್ರೆಡ್ ಹಾಗಲ್ಲ. ನೀವು ಸಾಲ ಪಡೆದ ದಿನ ಒಪ್ಪಂದದಲ್ಲಿ ಬರೆದ ಸ್ಪ್ರೆಡ್ ಸಾಮಾನ್ಯವಾಗಿ ಹಾಗೆಯೇ ಮುಂದುವರಿಯುತ್ತದೆ. ನಿಮ್ಮ ಸ್ಪ್ರೆಡ್ ಶೇ 3.50 ಆಗಿದ್ದರೆ ಬಡ್ಡಿ ಶೇ 8.75 ಆಗುತ್ತದೆ, ಇಂದು ಬ್ಯಾಂಕಿನ ಬಾಗಿಲಿಗೆ ಬರುವ ಹೊಸ ಗ್ರಾಹಕನಿಗೆ ಶೇ 2.50ರ ಸ್ಪ್ರೆಡ್ ಸಿಕ್ಕರೆ ಅವನ ಬಡ್ಡಿ ಶೇ 7.75.

ಆದ್ದರಿಂದ ವರ್ಗಾವಣೆಯಲ್ಲಿ ನೀವು ಕೊಳ್ಳುತ್ತಿರುವುದು ಕಡಿಮೆ ಸ್ಪ್ರೆಡ್ ಅನ್ನು ಮಾತ್ರ. ಮುಂದೆ ರೆಪೊ ಏರಿದರೂ ಇಳಿದರೂ ಎರಡೂ ಬ್ಯಾಂಕುಗಳಲ್ಲಿ ಒಂದೇ ಪ್ರಮಾಣದಲ್ಲಿ ಬದಲಾಗುವುದರಿಂದ, "ಬಡ್ಡಿ ಇನ್ನೂ ಇಳಿಯಬಹುದು, ಸ್ವಲ್ಪ ಕಾಯೋಣ" ಎಂಬ ಮಾತಿಗೂ ಈ ತೀರ್ಮಾನಕ್ಕೂ ಸಂಬಂಧವಿಲ್ಲ. ಜಾಹೀರಾತಿನ ದರವನ್ನು ಬದಿಗಿಟ್ಟು, ನಿಮ್ಮ ಮಂಜೂರಾತಿ ಪತ್ರವನ್ನು ಹೊರತೆಗೆದು ಸ್ಪ್ರೆಡ್ ಎಷ್ಟೆಂದು ಬರೆದಿದೆ ಎಂಬುದನ್ನು ಮೊದಲು ನೋಡಿ. ರೆಪೊ ಇಳಿದ ದಿನಗಳಲ್ಲಿ ಕೆಲವು ಬ್ಯಾಂಕುಗಳು ಹೊಸ ಗ್ರಾಹಕರ ಸ್ಪ್ರೆಡ್ ಅನ್ನೇ ಏರಿಸುವುದುಂಟು. ಹಾಗಾದಾಗ ಹಳೆಯ ಒಪ್ಪಂದವೇ ಮೇಲಾಗಿರುತ್ತದೆ, ಅದನ್ನು ಬಿಟ್ಟು ಹೋದವರಿಗೆ ಅದು ಮತ್ತೆ ಸಿಗುವುದಿಲ್ಲ.

ಈಗ ಉದಾಹರಣೆಗೆ ಬರುತ್ತೇನೆ. ಬನಶಂಕರಿಯಲ್ಲಿ ಫ್ಲ್ಯಾಟ್ ಕೊಂಡಿರುವ ಒಂದು ಕುಟುಂಬದ ಸಾಲದಲ್ಲಿ 45 ಲಕ್ಷ ರೂಪಾಯಿ ಅಸಲು ಬಾಕಿಯಿದೆ, 15 ವರ್ಷ ಉಳಿದಿದೆ ಎಂದಿಟ್ಟುಕೊಳ್ಳಿ. ಶೇ 8.75ರ ದರದಲ್ಲಿ ಅವರ ಇಎಂಐ 44,975 ರೂಪಾಯಿ. ಶೇ 7.75ಕ್ಕೆ, ಅದೇ 15 ವರ್ಷಕ್ಕೆ, ಇಎಂಐ 42,357 ರೂಪಾಯಿಗೆ ಇಳಿಯುತ್ತದೆ. ತಿಂಗಳಿಗೆ 2,618 ರೂಪಾಯಿ ಉಳಿತಾಯ. 180 ತಿಂಗಳಿಗೆ ಸುಮಾರು 4.71 ಲಕ್ಷ. ಹೊಸ ಬ್ಯಾಂಕಿನ ಪ್ರತಿನಿಧಿ ನಿಮ್ಮ ಮುಂದಿಡುವುದು ಈ ಕೊನೆಯ ಅಂಕಿಯನ್ನು. ಅಂಕಿಯಲ್ಲಿ ಸುಳ್ಳಿಲ್ಲ, ಆದರೆ ಖರ್ಚು ಅದರಲ್ಲಿ ಇನ್ನೂ ಸೇರಿಲ್ಲ.

ಖರ್ಚನ್ನು ಒಂದೊಂದಾಗಿ ನೋಡೋಣ. ಹಳೆಯ ಬ್ಯಾಂಕಿಗೆ ಕಟ್ಟಬೇಕಾದ ದಂಡ ಯಾವುದೂ ಇಲ್ಲ: ವ್ಯಕ್ತಿಗಳು ಪಡೆದ ಚರ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕುಗಳು ಶುಲ್ಕ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ನಿಷೇಧಿಸಿದೆ, ಹಣ ಎಲ್ಲಿಂದ ಬಂದರೂ ಈ ನಿಯಮ ಬದಲಾಗದು. ನಿಮ್ಮದು ಸ್ಥಿರ ಬಡ್ಡಿಯ ಸಾಲವಾಗಿದ್ದರೆ ಮಾತ್ರ ಒಪ್ಪಂದವನ್ನು ಓದಿಕೊಳ್ಳಬೇಕು. ಖರ್ಚೆಲ್ಲ ಇರುವುದು ಹೊಸ ಬ್ಯಾಂಕಿನ ಕಡೆ. ಪ್ರೊಸೆಸಿಂಗ್ ಶುಲ್ಕ 10,000 ರೂಪಾಯಿ ಎಂದು ಹಿಡಿದರೆ ಶೇ 18ರ ಜಿಎಸ್‌ಟಿ ಸೇರಿ 11,800. ಬ್ಯಾಂಕಿನ ವಕೀಲರು ಹಕ್ಕುಪತ್ರ ಪರಿಶೀಲಿಸುವುದಕ್ಕೂ ಮೌಲ್ಯಮಾಪಕರು ಮನೆಗೆ ಬಂದು ಬೆಲೆ ಕಟ್ಟುವುದಕ್ಕೂ 6,000 ಎಂದಿಟ್ಟುಕೊಂಡರೆ ತೆರಿಗೆಯೊಂದಿಗೆ 7,080.

ಇವೆರಡಕ್ಕಿಂತ ದೊಡ್ಡ ಬಾಬತ್ತು ಮೂರನೆಯದು, ಜನ ಮರೆಯುವುದೂ ಅದನ್ನೇ. ನಿಮ್ಮ ಮೂಲ ಕ್ರಯಪತ್ರವನ್ನು ಬ್ಯಾಂಕಿನಲ್ಲಿ ಇಟ್ಟಿದ್ದೀರಿ ಎಂಬುದನ್ನು ದಾಖಲಿಸುವ ಪತ್ರ, ಬ್ಯಾಂಕಿನವರ ಬಾಯಲ್ಲಿ ಎಂಓಡಿ, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿಯಾಗಬೇಕು. ಬ್ಯಾಂಕು ಬದಲಾದರೆ ಹಳೆಯ ಎಂಓಡಿ ರದ್ದಾಗಿ ಹೊಸದು ಆಗಬೇಕು. ಅಂದರೆ ಸಾಲ ಪಡೆದಾಗ ಒಮ್ಮೆ ಕಟ್ಟಿದ ಮುದ್ರಾಂಕ ಶುಲ್ಕವನ್ನು ಈಗ ಮತ್ತೊಮ್ಮೆ ಕಟ್ಟುತ್ತೀರಿ. ಈ ಶುಲ್ಕ ಸಾಲದ ಮೊತ್ತದ ಮೇಲಿನ ಶೇಕಡಾವಾರು ಲೆಕ್ಕ. ಸರ್ಕಾರ ಆಗಾಗ ಪರಿಷ್ಕರಿಸುವ ಕಾರಣ, ಅರ್ಜಿ ಕೊಡುವ ದಿನದ ದರವನ್ನು ಬ್ಯಾಂಕಿನಿಂದ ಲಿಖಿತವಾಗಿ ಪಡೆಯಿರಿ. ನಾನು ಉದಾಹರಣೆಗಾಗಿ ಮುದ್ರಾಂಕ ಮತ್ತು ನೋಂದಣಿ ಶುಲ್ಕ ಎರಡೂ ಸೇರಿ ಶೇ 0.6 ಎಂದು ಹಿಡಿಯುತ್ತೇನೆ. 45 ಲಕ್ಷಕ್ಕೆ ಅದು 27,000 ರೂಪಾಯಿ. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ "ಪ್ರೊಸೆಸಿಂಗ್ ಶುಲ್ಕ ಸೊನ್ನೆ" ಎಂದಿದ್ದರೂ ಈ 27,000ದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ, ಏಕೆಂದರೆ ಇದು ಬ್ಯಾಂಕಿಗೆ ಹೋಗುವ ಹಣವೇ ಅಲ್ಲ.

ಹಳೆಯ ಎಂಓಡಿ ರದ್ದತಿ, ಋಣಭಾರ ಪ್ರಮಾಣಪತ್ರ, ಪತ್ರ ಬರಹಗಾರರ ಶುಲ್ಕ, ಛಾಪಾ ಕಾಗದ ಇವುಗಳಿಗೆಲ್ಲ 5,000 ಇಟ್ಟುಕೊಳ್ಳೋಣ. ಕೊನೆಯದು, ಯಾವ ಪಟ್ಟಿಯಲ್ಲೂ ಬರೆದಿರದ ಖರ್ಚು: ಹೊಸ ಬ್ಯಾಂಕು ಹಣ ಬಿಡುಗಡೆ ಮಾಡಿದ ದಿನಕ್ಕೂ ಹಳೆಯ ಬ್ಯಾಂಕು ಅದನ್ನು ಜಮಾ ಮಾಡಿಕೊಂಡ ದಿನಕ್ಕೂ ನಡುವೆ ಎರಡೂ ಕಡೆ ಬಡ್ಡಿ ಓಡುತ್ತಿರುತ್ತದೆ. 45 ಲಕ್ಷಕ್ಕೆ ಶೇ 7.75ರಂತೆ ದಿನದ ಬಡ್ಡಿ 955 ರೂಪಾಯಿ. ಆರು ದಿನವಾದರೆ 5,733. ಎಲ್ಲವನ್ನೂ ಕೂಡಿದರೆ 56,613 ರೂಪಾಯಿ ಆಗುತ್ತದೆ.

ಈ 56,613ನ್ನು ತಿಂಗಳ ಉಳಿತಾಯ 2,618ರಿಂದ ಭಾಗಿಸಿದರೆ 21.6 ಬರುತ್ತದೆ. ಅಂದರೆ 22ನೆಯ ತಿಂಗಳಿಗೆ ಖರ್ಚು ಗಿಟ್ಟುತ್ತದೆ, ಅಲ್ಲಿಂದ ಮುಂದಿನದೆಲ್ಲ ಲಾಭ. 15 ವರ್ಷದ ಸಾಲದಲ್ಲಿ 22 ತಿಂಗಳು ಏನೇನೂ ಅಲ್ಲ. ಬ್ರೇಕ್-ಈವನ್ ಲೆಕ್ಕ ತಿಳಿದವರೂ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ವರ್ಗಾವಣೆಗೆ ಸಹಿ ಹಾಕುತ್ತಾರೆ.

ಸಹಿ ಹಾಕುವ ಮುನ್ನ ನಿಮ್ಮದೇ ಬ್ಯಾಂಕಿಗೆ ಒಂದು ಪತ್ರ ಬರೆಯಬೇಕು ಎಂಬುದು ನನ್ನ ಒತ್ತಾಯ. ಮೊದಲಿದ್ದ ನಿಯಮದಂತೆ ಸ್ಪ್ರೆಡ್‌ನಲ್ಲಿ ಸಾಲಗಾರನ ಮರುಪಾವತಿ ಅಪಾಯಕ್ಕೆ ಸಂಬಂಧಿಸಿದ ಭಾಗವನ್ನು ಬಿಟ್ಟು ಉಳಿದದ್ದನ್ನು ಬ್ಯಾಂಕು ಮೂರು ವರ್ಷಕ್ಕೊಮ್ಮೆ ಮಾತ್ರ ಬದಲಿಸಬಹುದಿತ್ತು. 2025ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ಇದನ್ನು ಸಡಿಲಿಸಿ, ಗ್ರಾಹಕನನ್ನು ಉಳಿಸಿಕೊಳ್ಳುವುದಕ್ಕಾಗಿ ಮೂರು ವರ್ಷ ತುಂಬದಿದ್ದರೂ ಸ್ಪ್ರೆಡ್ ಇಳಿಸಲು ಬ್ಯಾಂಕುಗಳಿಗೆ ಅವಕಾಶ ಕೊಟ್ಟಿದೆ. ಗಮನಿಸಿ, ಇದು ಅವಕಾಶ, ಕಡ್ಡಾಯವಲ್ಲ. ಕೇಳದವರಿಗೆ ತಾನಾಗಿ ಯಾರೂ ಇಳಿಸುವುದಿಲ್ಲ. ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಶಾಖೆಯ ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಕೇಳಿದ್ದಕ್ಕೂ ಹೊಸ ಬ್ಯಾಂಕಿನ ಮಂಜೂರಾತಿ ಪತ್ರದ ಪ್ರತಿಯನ್ನು ಲಗತ್ತಿಸಿ ಲಿಖಿತವಾಗಿ ಕೇಳಿದ್ದಕ್ಕೂ ಬರುವ ಉತ್ತರಗಳಲ್ಲಿ ಬಹಳ ವ್ಯತ್ಯಾಸವಿದೆ. ಪತ್ರದಲ್ಲಿ ಸಾಲದ ಖಾತೆ ಸಂಖ್ಯೆ, ಈಗಿನ ಸ್ಪ್ರೆಡ್, ನಿಮಗೆ ಬಂದಿರುವ ಹೊಸ ದರ, ಇದುವರೆಗೆ ಒಂದು ಕಂತೂ ತಪ್ಪಿಲ್ಲ ಎಂಬ ಸಂಗತಿ, ಇತ್ತೀಚಿನ ಕ್ರೆಡಿಟ್ ಸ್ಕೋರ್ ಇಷ್ಟಿದ್ದರೆ ಸಾಕು. ಸಾಲ ಪಡೆದಾಗ ಸ್ಕೋರ್ 720 ಇದ್ದು ಈಗ 790 ಆಗಿದ್ದರೆ ಅದನ್ನು ತಪ್ಪದೆ ಬರೆಯಿರಿ. ಸ್ಪ್ರೆಡ್‌ನ ಅಪಾಯದ ಭಾಗ ಇಳಿಯುವುದಕ್ಕೆ ಅದೇ ಆಧಾರವಾಗಬಹುದು. ಒಪ್ಪಿದರೆ ಬ್ಯಾಂಕು ಪರಿವರ್ತನಾ ಶುಲ್ಕ ಎಂದು ಒಂದಿಷ್ಟು ಕೇಳುತ್ತದೆ.

ಉದಾಹರಣೆಯ ಕುಟುಂಬಕ್ಕೆ ಅವರ ಬ್ಯಾಂಕು ಶೇ 8.00 ಕೊಡಲು ಒಪ್ಪಿತು, 5,000 ರೂಪಾಯಿ ಶುಲ್ಕ ಕೇಳಿತು ಎಂದಿಟ್ಟುಕೊಳ್ಳಿ. ತೆರಿಗೆ ಸೇರಿ ಖರ್ಚು 5,900. ಎಂಓಡಿ ಹಳೆಯದೇ, ವಕೀಲರಿಲ್ಲ, ಮೌಲ್ಯಮಾಪಕರಿಲ್ಲ, ಎರಡು ಕಡೆಯ ಬಡ್ಡಿಯಿಲ್ಲ. ಇಎಂಐ 43,004ಕ್ಕೆ ಇಳಿಯುತ್ತದೆ, ತಿಂಗಳಿಗೆ 1,971 ಉಳಿಯುತ್ತದೆ. ಮೂರೇ ತಿಂಗಳಲ್ಲಿ ಶುಲ್ಕ ಗಿಟ್ಟುತ್ತದೆ.

ಈಗ ಹೊಸ ಬ್ಯಾಂಕಿನ ಶೇ 7.75ನ್ನು ಈ ಶೇ 8.00ರ ಪಕ್ಕದಲ್ಲಿಟ್ಟು ನೋಡಿ. ಹೊಸ ಬ್ಯಾಂಕಿಗೆ ಹೋದರೆ ಹೆಚ್ಚುವರಿಯಾಗಿ ಉಳಿಯುವುದು ತಿಂಗಳಿಗೆ 647 ರೂಪಾಯಿ. ಅದಕ್ಕಾಗಿ ಹೆಚ್ಚುವರಿಯಾಗಿ ಮಾಡಬೇಕಾದ ಖರ್ಚು 56,613ರಲ್ಲಿ 5,900 ಕಳೆದು 50,713 ರೂಪಾಯಿ. ಭಾಗಿಸಿದರೆ 78 ತಿಂಗಳು ದಾಟುತ್ತದೆ, ಅಂದರೆ ಆರೂವರೆ ವರ್ಷ. ದರಗಳು ಅವೇ, ಖರ್ಚೂ ಅದೇ, ಮನೆಯೂ ಅದೇ. ಹೋಲಿಕೆಯ ಒಂದು ಬದಿಯನ್ನು ಸರಿಪಡಿಸಿದ್ದಕ್ಕೆ 22 ತಿಂಗಳು ಇದ್ದದ್ದು 78ಕ್ಕೆ ಏರಿತು. 22 ತಿಂಗಳ ಆ ಮೊದಲ ಲೆಕ್ಕದಲ್ಲಿ, ನಿಮ್ಮ ಬ್ಯಾಂಕು ಬಹುತೇಕ ಬಿಟ್ಟಿಯಾಗಿ ಕೊಡಲಿದ್ದ ಶೇ 0.75ರ ಇಳಿಕೆಯ ಲಾಭವನ್ನೂ ಹೊಸ ಬ್ಯಾಂಕಿನ ಹೆಸರಿಗೆ ಬರೆದಿದ್ದೆವು.

ಲೆಕ್ಕ ಬಲ್ಲವರೊಬ್ಬರು ಸಭೆಯಲ್ಲಿ ನ್ಯಾಯವಾದ ಒಂದು ಆಕ್ಷೇಪ ಎತ್ತಿದರು. "ಸರ್, ಬರೀ ಇಎಂಐ ವ್ಯತ್ಯಾಸದಿಂದ ಭಾಗಿಸಿದರೆ ಹೇಗೆ? ಬಡ್ಡಿ ಕಡಿಮೆಯಾದರೆ ಅಸಲು ಬೇಗ ಕರಗುತ್ತದೆ, ಅದನ್ನು ಬಿಟ್ಟಿರಲ್ಲ" ಎಂದರು. ನಿಜ, ಬಿಟ್ಟಿದ್ದೇನೆ. ಖರ್ಚು ಮಾಡಿದ ಹಣ ಕೈಯಲ್ಲೇ ಇದ್ದಿದ್ದರೆ ಅದನ್ನು ಸಾಲಕ್ಕೆ ಕಟ್ಟಿ ಬಡ್ಡಿ ಉಳಿಸಬಹುದಿತ್ತು ಎಂಬುದನ್ನೂ ಬಿಟ್ಟಿದ್ದೇನೆ. ಒಂದು ವರ್ಗಾವಣೆಯ ಪರವಾಗಿದೆ, ಇನ್ನೊಂದು ವಿರುದ್ಧವಾಗಿದೆ. ಎರಡನ್ನೂ ಸೇರಿಸಿ ತಿಂಗಳು ತಿಂಗಳ ಬಾಕಿಯನ್ನು ಸಾಲಾಗಿ ಬರೆದು ನೋಡಿದರೆ, ಏನೂ ಮಾಡದೆ ಕೂರುವುದರ ಎದುರಿನ ಮೊದಲ ಹೋಲಿಕೆಯಲ್ಲಿ 22 ತಿಂಗಳು ಸುಮಾರು 17ಕ್ಕೆ ಇಳಿಯುತ್ತದೆ. ನಿಮ್ಮ ಬ್ಯಾಂಕಿನ ಶೇ 8.00ರ ಎದುರಿನ ಹೋಲಿಕೆಯಲ್ಲಿ ಎರಡೂ ಒಂದನ್ನೊಂದು ಹೊಡೆದುಹಾಕಿ ಹೆಚ್ಚುಕಡಿಮೆ ಅದೇ ಆರೂವರೆ ವರ್ಷ ಉಳಿಯುತ್ತದೆ. ಮನೆಯಲ್ಲಿ ಕಾಗದದ ಮೇಲೆ ಮಾಡುವ ತೀರ್ಮಾನಕ್ಕೆ ಈ ಸರಳ ಭಾಗಾಕಾರ ಸಾಕು ಎಂಬುದು ನನ್ನ ಅಭಿಪ್ರಾಯ.

ಆರೂವರೆ ವರ್ಷ ಎಂಬುದು ಹೆಚ್ಚೋ ಕಡಿಮೆಯೋ ಎಂಬುದಕ್ಕೆ ಉತ್ತರ ಬಡ್ಡಿ ದರದಲ್ಲಿಲ್ಲ, ನಿಮ್ಮ ಮನೆಯ ಯೋಜನೆಯಲ್ಲಿದೆ. ಇನ್ನೂ 15 ವರ್ಷ ಕಂತು ಕಟ್ಟಿಯೇ ಸಾಲ ತೀರಿಸುವವರಿಗೆ ಆಮೇಲಿನ ಎಂಟೂವರೆ ವರ್ಷ ತಿಂಗಳಿಗೆ 647 ಉಳಿಯುತ್ತದೆ. ಒಟ್ಟು ಸುಮಾರು 66,000. ಆದರೆ ನಮ್ಮಲ್ಲಿ ಬಹಳ ಮಂದಿ ಹಾಗೆ ಕಾಯುವುದಿಲ್ಲ. ಬೋನಸ್ ಬಂದಾಗ, ಊರಿನ ಜಮೀನು ಮಾರಿದಾಗ, ನಿವೃತ್ತಿಯ ಹಣ ಕೈಸೇರಿದಾಗ ಸಾಲಕ್ಕೇ ತುಂಬುತ್ತಾರೆ. ಐದು ವರ್ಷದಲ್ಲಿ ಸಾಲ ಮುಗಿಸುವ ಅಂದಾಜು ನಿಮಗಿದ್ದರೆ, ಅಥವಾ ಮಕ್ಕಳು ದೊಡ್ಡವರಾದ ಮೇಲೆ ಈ ಫ್ಲ್ಯಾಟ್ ಮಾರಿ ಬೇರೆ ಕಡೆ ಹೋಗುವ ಯೋಚನೆಯಿದ್ದರೆ, ಶೇ 0.25ಕ್ಕಾಗಿ ಬ್ಯಾಂಕು ಬದಲಿಸಿದ ಖರ್ಚು ಗಿಟ್ಟುವುದೇ ಇಲ್ಲ.

ನಾನು ವರ್ಗಾವಣೆಯ ವಿರೋಧಿಯಲ್ಲ. ನಿಮ್ಮದೇ ಬ್ಯಾಂಕು ಮನವಿಗೆ ಶೇ 8.50ಕ್ಕಿಂತ ಕೆಳಗಿಳಿಯಲು ಒಪ್ಪದಿದ್ದರೆ ಚಿತ್ರ ಬೇರೆ. ಆಗ ಇಎಂಐ 44,313. ಹೊಸ ಬ್ಯಾಂಕಿನದಕ್ಕಿಂತ 1,956 ಹೆಚ್ಚು. 50,713ನ್ನು 1,956ರಿಂದ ಭಾಗಿಸಿದರೆ 26 ತಿಂಗಳು. ಹತ್ತು ವರ್ಷವಾದರೂ ಸಾಲ ಇಟ್ಟುಕೊಳ್ಳುವವರು ಹಿಂಜರಿಯದೆ ಹೋಗಬೇಕು. ಇನ್ನೂ ಸ್ಪಷ್ಟವಾದ ಪ್ರಕರಣ ಗೃಹ ಹಣಕಾಸು ಸಂಸ್ಥೆಗಳಿಂದ ಸಾಲ ಪಡೆದವರದು. ಹೊರಗಿನ ಮಾನದಂಡದ 2019ರ ನಿಯಮ ಬ್ಯಾಂಕುಗಳಿಗೆ ಮಾತ್ರ ಅನ್ವಯಿಸುತ್ತದೆ. ಈ ಸಂಸ್ಥೆಗಳು ತಮ್ಮದೇ ಆಂತರಿಕ ದರಕ್ಕೆ ಸಾಲವನ್ನು ಜೋಡಿಸುತ್ತವೆ, ರೆಪೊ ಇಳಿದಾಗ ಆ ದರ ಯಾವಾಗ ಎಷ್ಟು ಇಳಿಯಬೇಕೆಂದು ತಾವೇ ತೀರ್ಮಾನಿಸುತ್ತವೆ. ಅಲ್ಲಿಂದ ಬ್ಯಾಂಕಿಗೆ ಬರುವವರು ಕಡಿಮೆ ದರದ ಜೊತೆಗೆ ಬಡ್ಡಿ ತಾನಾಗಿ ಇಳಿಯುವ ವ್ಯವಸ್ಥೆಯನ್ನೂ ಪಡೆಯುತ್ತಾರೆ. ಇನ್ನು 2019ಕ್ಕೆ ಮೊದಲು ಬ್ಯಾಂಕಿನಲ್ಲೇ ಸಾಲ ಪಡೆದು ಇಂದಿಗೂ ಎಂಸಿಎಲ್‌ಆರ್ ಅಥವಾ ಬೇಸ್ ರೇಟ್ ಎಂಬ ಬ್ಯಾಂಕಿನ ಆಂತರಿಕ ದರದಲ್ಲೇ ಉಳಿದವರು ಮೊದಲು ತಮ್ಮ ಬ್ಯಾಂಕಿನಲ್ಲೇ ರೆಪೊ ಜೋಡಣೆಗೆ ಬದಲಾಯಿಸಿಕೊಳ್ಳಲಿ. ಆಡಳಿತ ವೆಚ್ಚ ಬಿಟ್ಟರೆ ಇದಕ್ಕೆ ಬೇರೆ ಶುಲ್ಕ ಹಾಕುವಂತಿಲ್ಲ.

ಸಾಲದ ಕೊನೆಯ ವರ್ಷಗಳಲ್ಲಿರುವವರಿಗೆ ಒಂದು ಮಾತು. 12 ಲಕ್ಷ ಬಾಕಿ, ನಾಲ್ಕು ವರ್ಷ ಉಳಿದಿದೆ ಎನ್ನಿ. ಶೇ 8.75ರಿಂದ ಶೇ 7.75ಕ್ಕೆ ಹೋದರೂ ಇಎಂಐ ಇಳಿಯುವುದು 565 ರೂಪಾಯಿ, 48 ತಿಂಗಳಿಗೆ ಸುಮಾರು 27,000. ಮೇಲೆ ಹೇಳಿದ ಖರ್ಚುಗಳನ್ನು 12 ಲಕ್ಷಕ್ಕೆ ಇಳಿಸಿ ಲೆಕ್ಕ ಹಾಕಿದರೂ 32,000 ದಾಟುತ್ತದೆ. ದರದಲ್ಲಿ ಪೂರ್ಣ ಶೇ 1 ಇಳಿದೂ ನಷ್ಟವಾಗುವ ಸಂದರ್ಭ ಇದು. ಕೊನೆಯ ವರ್ಷಗಳ ಕಂತಿನಲ್ಲಿ ಬಡ್ಡಿ ಕಡಿಮೆ, ಅಸಲೇ ಹೆಚ್ಚು. ಇಳಿಯುವುದಕ್ಕೆ ಬಡ್ಡಿಯೇ ಉಳಿದಿರುವುದಿಲ್ಲ.

ಈಗ ನನಗೆ ಅತ್ಯಂತ ಕಳವಳ ತರುವ ವಿಷಯಕ್ಕೆ ಬರುತ್ತೇನೆ. ಹೊಸ ಬ್ಯಾಂಕಿನ ಅರ್ಜಿಯಲ್ಲಿ ಅವಧಿ ಎಂಬ ಒಂದು ಅಂಕಣವಿರುತ್ತದೆ. ಅಲ್ಲಿ ಪ್ರತಿನಿಧಿ 20 ವರ್ಷ ಎಂದು ತುಂಬಿ, "ನೋಡಿ ಮೇಡಂ, ನಿಮ್ಮ ಇಎಂಐ 44,975 ಇದ್ದದ್ದು 36,943 ಆಯಿತು, ತಿಂಗಳಿಗೆ ಎಂಟು ಸಾವಿರ ಉಳಿಯಿತು" ಎನ್ನುತ್ತಾರೆ. ಈ ಎಂಟು ಸಾವಿರದಲ್ಲಿ ದರ ಇಳಿದ ಕಾರಣದಿಂದ ಬಂದದ್ದು 2,618 ಮಾತ್ರ. ಉಳಿದದ್ದು ನಿಮ್ಮ ಸಾಲವನ್ನು ಐದು ವರ್ಷ ಮುಂದಕ್ಕೆ ತಳ್ಳಿದ್ದರಿಂದ ಬಂದದ್ದು. ಹಳೆಯ ಸಾಲವನ್ನು ಶೇ 8.75ರಲ್ಲೇ ಇಟ್ಟಿದ್ದರೂ ಉಳಿದ 15 ವರ್ಷದಲ್ಲಿ ಕಟ್ಟುತ್ತಿದ್ದದ್ದು ಒಟ್ಟು 80.96 ಲಕ್ಷ, 20 ವರ್ಷಕ್ಕೆ ಹೊಸದಾಗಿ ಶೇ 7.75ರಲ್ಲಿ ಕಟ್ಟುವುದು 88.66 ಲಕ್ಷ. ಕಡಿಮೆ ಬಡ್ಡಿಗೆಂದು ಹೋಗಿ 7.7 ಲಕ್ಷ ಹೆಚ್ಚು ಕಟ್ಟಿದಂತಾಯಿತು. ಇಂಥ ವರ್ಗಾವಣೆಯಲ್ಲಿ ಬ್ರೇಕ್-ಈವನ್ ಲೆಕ್ಕಕ್ಕೆ ಅರ್ಥವೇ ಇಲ್ಲ, ಏಕೆಂದರೆ ತಿಂಗಳ ಉಳಿತಾಯ ಎಂದು ಕಾಣುವುದು ಉಳಿತಾಯವಲ್ಲ. ಕೆಲಸ ಕಳೆದುಕೊಂಡು ಅಥವಾ ಮನೆಯಲ್ಲಿ ಕಾಯಿಲೆಯಾಗಿ ಕಂತು ಕಟ್ಟುವುದೇ ಕಷ್ಟವಾದವರು ತಿಳಿದೇ ಅವಧಿ ಹೆಚ್ಚಿಸಿಕೊಂಡರೆ ಅದು ಬೇರೆ ಮಾತು.

ಇದರ ತದ್ವಿರುದ್ಧ ದಾರಿಯೂ ಇದೆ. ದರ ಇಳಿದ ಮೇಲೂ ಹಳೆಯ ಇಎಂಐ 44,975ನ್ನೇ ಕಟ್ಟುತ್ತಾ ಹೋದರೆ 180 ಕಂತುಗಳ ಬದಲು 162ಕ್ಕೆ ಸಾಲ ಮುಗಿಯುತ್ತದೆ, ಒಂದೂವರೆ ವರ್ಷ ಮುಂಚೆ. ಖರ್ಚು ಕಳೆಯುವ ಮೊದಲಿನ ಉಳಿತಾಯ 4.71 ಲಕ್ಷದಿಂದ ಸುಮಾರು 8.4 ಲಕ್ಷಕ್ಕೆ ಏರುತ್ತದೆ. ನಿಮ್ಮದೇ ಬ್ಯಾಂಕಿನಲ್ಲಿ ದರ ಇಳಿಸಿಕೊಂಡರೂ ಇದೇ ಕ್ರಮವನ್ನು ಕೇಳಿ ಪಡೆಯಬಹುದು. ಬಜೆಟ್‌ಗೆ ಹೊಂದಿಕೊಂಡಿರುವ ಕಂತನ್ನು ಹಾಗೆಯೇ ಬಿಡುವುದು ಹೆಚ್ಚಿನ ಕುಟುಂಬಗಳಿಗೆ ಕಷ್ಟವಾಗದು ಎಂದು ನನಗನ್ನಿಸುತ್ತದೆ.

ವಿಮೆಯ ವಿಷಯ. ಹೊಸ ಬ್ಯಾಂಕಿನಲ್ಲಿ ಸಾಲದ ಜೊತೆ ಒಂದೇ ಕಂತಿನ ವಿಮೆಯನ್ನು ಸೇರಿಸಿ, ಅದರ ಪ್ರೀಮಿಯಂ ಅನ್ನೂ ಸಾಲಕ್ಕೇ ಕೂಡಿಸುವ ರೂಢಿಯಿದೆ. ಪ್ರೀಮಿಯಂ 1,20,000 ಎಂದಾದರೆ ಇಎಂಐ 1,130 ಏರುತ್ತದೆ. ನೀವು ಲೆಕ್ಕ ಹಾಕಿದ್ದ 2,618ರಲ್ಲಿ ಉಳಿಯುವುದು 1,488. ಹದಿನೈದು ವರ್ಷದಲ್ಲಿ ಆ ಪ್ರೀಮಿಯಂಗಾಗಿ ಕಟ್ಟುವುದು ಎರಡು ಲಕ್ಷ ದಾಟುತ್ತದೆ. ಜೀವವಿಮೆ ಬೇಕು, ಖಂಡಿತ ಬೇಕು. ಆದರೆ ಪ್ರತ್ಯೇಕವಾಗಿ ಕೊಂಡ ಟರ್ಮ್ ವಿಮೆ ಬ್ಯಾಂಕು ಬದಲಾದರೂ ನಿಮ್ಮೊಂದಿಗೇ ಇರುತ್ತದೆ. ಇದನ್ನು ಹಿಡಿಯುವ ಸುಲಭ ದಾರಿಯೊಂದಿದೆ. 2024ರ ಅಕ್ಟೋಬರ್ 1ರಿಂದ ಪ್ರತಿ ಹೊಸ ಗೃಹಸಾಲಕ್ಕೂ ಬ್ಯಾಂಕು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಪತ್ರವನ್ನು ಕೊಡಲೇಬೇಕು. ಅದರಲ್ಲಿ ಬಡ್ಡಿ ದರದ ಜೊತೆಗೆ ವಾರ್ಷಿಕ ಶೇಕಡಾ ದರ ಎಂಬ ಇನ್ನೊಂದು ಅಂಕಿ ಇರುತ್ತದೆ. ಬ್ಯಾಂಕು ವಿಧಿಸುವ ಶುಲ್ಕಗಳು, ಬ್ಯಾಂಕಿನ ಮೂಲಕ ವಿಮೆ ಮತ್ತು ವಕೀಲರಿಗೆ ಹೋಗುವ ಹಣ ಎಲ್ಲವೂ ಸೇರಿದ ದರ ಅದು. ಬಡ್ಡಿ ಶೇ 7.75 ಇದ್ದು ಆ ಅಂಕಿ ಶೇ 8.2ರ ಸುತ್ತಮುತ್ತ ಕಂಡರೆ, ನಿಮಗೆ ಹೇಳದ ಯಾವುದೋ ಖರ್ಚು ಒಳಗಿದೆ ಎಂದು ತಿಳಿದು ಸಾಲು ಸಾಲಾಗಿ ಪ್ರಶ್ನೆ ಕೇಳಿ.

ಲೆಕ್ಕ ಸರಿಹೊಂದಿದರೂ ಬೆಂಗಳೂರಿನಲ್ಲಿ ವರ್ಗಾವಣೆ ಮುರಿದುಬೀಳುವುದು ಹೆಚ್ಚಾಗಿ ಕಾಗದಪತ್ರಗಳಲ್ಲಿ. ಹಳೆಯ ಬ್ಯಾಂಕು ಒಪ್ಪಿದ ಆಸ್ತಿಯನ್ನು ಹೊಸ ಬ್ಯಾಂಕಿನ ವಕೀಲರು ಒಪ್ಪಲೇಬೇಕೆಂದಿಲ್ಲ. ಅವರು ಪರಿಶೀಲನೆಯನ್ನು ಮೊದಲಿನಿಂದ ಮಾಡುತ್ತಾರೆ. ಅಪಾರ್ಟ್‌ಮೆಂಟ್‌ಗೆ ಸ್ವಾಧೀನಾನುಭವ ಪತ್ರ, ನಾವೆಲ್ಲ ಓಸಿ ಎನ್ನುವ ಪತ್ರ, ಬಂದಿಲ್ಲದಿದ್ದರೆ, ಖಾತೆ ಬಿ ವಹಿಯಲ್ಲಿದ್ದರೆ, ಇ-ಖಾತಾ ಇನ್ನೂ ಆಗದಿದ್ದರೆ, ಕಂದಾಯ ಭೂಮಿಯ ಪರಿವರ್ತನೆ ಆದೇಶವೋ ಹಿಂದಿನ ಮಾಲೀಕರ ಮೂಲ ಪತ್ರಗಳಲ್ಲಿ ಒಂದು ಕೊಂಡಿಯೋ ತಪ್ಪಿದ್ದರೆ, ಅರ್ಜಿ ಅಲ್ಲೇ ನಿಲ್ಲುತ್ತದೆ. ಆಗ ಕಟ್ಟಿದ ವಕೀಲರ ಮತ್ತು ಮೌಲ್ಯಮಾಪನದ ಶುಲ್ಕ ಮರಳುವುದಿಲ್ಲ. ಹಾಗಾಗಿ ಹಣ ಕಟ್ಟುವ ಮೊದಲೇ ಓಸಿ ಮತ್ತು ಖಾತೆಯ ಪ್ರತಿಗಳನ್ನು ಕೊಟ್ಟು, ಈ ಸ್ಥಿತಿಯ ಆಸ್ತಿಗೆ ನಿಮ್ಮ ಬ್ಯಾಂಕು ಸಾಲ ಕೊಡುತ್ತದೆಯೇ ಎಂಬ ಒಂದು ಪ್ರಶ್ನೆಗೆ ಇಮೇಲ್‌ನಲ್ಲಿ ಉತ್ತರ ಪಡೆಯಿರಿ. ಮೂಲ ಪತ್ರಗಳು ಹಳೆಯ ಬ್ಯಾಂಕಿನಲ್ಲಿರುವುದರಿಂದ, ಅಲ್ಲಿ ಏನೇನಿವೆ ಎಂಬ ದಾಖಲೆಗಳ ಪಟ್ಟಿಯನ್ನೂ ಆರಂಭದಲ್ಲೇ ಕೇಳಿಬಿಡಿ. ಅದು ಬರಲು ಒಂದೆರಡು ವಾರ ಹಿಡಿಯುವುದುಂಟು. ನಿಮ್ಮಲ್ಲಿರುವ ನಕಲುಗಳ ಜೊತೆ ಆ ಪಟ್ಟಿಯನ್ನು ಸಾಲುಸಾಲಾಗಿ ತಾಳೆ ನೋಡಿದರೆ, ಒಂದು ಪತ್ರ ಕಾಣೆಯಾಗಿದೆ ಎಂಬುದು ಸಾಲ ಮುಚ್ಚಿದ ಮೇಲಲ್ಲ, ಮೊದಲೇ ತಿಳಿಯುತ್ತದೆ.

ಹಣ ಕೈಬದಲಾಗುವ ವಾರದಲ್ಲಿ ಒಂದು ಕಾಗದವನ್ನು ಹತ್ತಿರದಿಂದ ನೋಡಬೇಕು. ಅದು ಹಳೆಯ ಬ್ಯಾಂಕು ಕೊಡುವ ಮುಕ್ತಾಯ ಪತ್ರ, ಫೋರ್‌ಕ್ಲೋಷರ್ ಲೆಟರ್. ಅದರಲ್ಲಿ ಬಾಕಿ ಅಸಲು, ಒಂದು ನಿರ್ದಿಷ್ಟ ದಿನಾಂಕದವರೆಗಿನ ಬಡ್ಡಿ, ಆ ದಿನಾಂಕ ದಾಟಿದರೆ ದಿನಕ್ಕೆ ಸೇರಿಸಬೇಕಾದ ಬಡ್ಡಿ ಮತ್ತು ಪತ್ರದ ಗಡುವು ಇರುತ್ತವೆ. 45 ಲಕ್ಷಕ್ಕೆ ಶೇ 8.75ರಂತೆ ದಿನದ ಬಡ್ಡಿ 1,079 ರೂಪಾಯಿ. ಹೊಸ ಬ್ಯಾಂಕಿನ ಡಿಡಿ 10ನೆಯ ತಾರೀಖಿನ ಮೊತ್ತಕ್ಕೆ ಬರೆದಿದ್ದು ಹಳೆಯ ಬ್ಯಾಂಕಿಗೆ 14ರಂದು ತಲುಪಿದರೆ 4,316 ರೂಪಾಯಿ ಕೊರತೆ ಬೀಳುತ್ತದೆ, ಅಷ್ಟಕ್ಕೇ ಸಾಲದ ಖಾತೆ ಮುಚ್ಚದೆ ಉಳಿಯುತ್ತದೆ. ಡಿಡಿ ಸಿದ್ಧವಾದ ದಿನವೇ ಅದನ್ನು ಮುಟ್ಟಿಸಿ, ಕೊರತೆಯ ಹಣವನ್ನು ಉಳಿತಾಯ ಖಾತೆಯಲ್ಲಿ ಇಟ್ಟುಕೊಂಡು ಹೋಗಿ. ಇನ್ನೊಂದು ಕಡೆ, ಡಿಡಿಯನ್ನು ಬರೆದು ಮೇಜಿನಲ್ಲೇ ಇಟ್ಟುಕೊಂಡ ದಿನಗಳಿಗೂ ಹೊಸ ಬ್ಯಾಂಕು ಬಡ್ಡಿ ಹಾಕಿದೆಯೇ ನೋಡಿ. ಚೆಕ್ಕಿನ ದಿನಾಂಕದಿಂದ ಬಡ್ಡಿ ಎಣಿಸಿ ಚೆಕ್ಕನ್ನು ಎಷ್ಟೋ ದಿನಗಳ ನಂತರ ಕೊಡುವ ಪದ್ಧತಿಯನ್ನು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಆಕ್ಷೇಪಿಸಿ, ಹಾಗೆ ವಸೂಲಾದ ಬಡ್ಡಿಯನ್ನು ಮರಳಿಸಲು ಸೂಚಿಸಿದೆ. ಮೊದಲ ಖಾತೆ ವಿವರಣೆಯಲ್ಲಿ ಬಡ್ಡಿ ಶುರುವಾದ ದಿನಾಂಕವೂ ಡಿಡಿ ನಿಮ್ಮ ಕೈಗೆ ಬಂದ ದಿನಾಂಕವೂ ಬೇರೆಯಾಗಿದ್ದರೆ ಲಿಖಿತವಾಗಿ ಕೇಳಿ.

ಹಳೆಯ ಖಾತೆ ಮುಚ್ಚಿದ ಮೇಲೆ ಅಲ್ಲಿನ ಸ್ವಯಂ ಕಡಿತದ ಆದೇಶ ರದ್ದಾಗಿದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಮುಂದಿನ ತಿಂಗಳು ಎರಡು ಕಂತು ಕಡಿತವಾಗುತ್ತದೆ. ಮೂಲ ಪತ್ರಗಳನ್ನು 30 ದಿನದೊಳಗೆ ಬಿಡುಗಡೆ ಮಾಡಿ ನೋಂದಾಯಿತ ಋಣಭಾರವನ್ನೂ ತೆಗೆಸಬೇಕೆಂದು, ತಮ್ಮ ಕಡೆಯ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಡಿಸೆಂಬರ್ 1ರಿಂದ ಸಾಲದಾತರ ಮೇಲೆ ನಿಯಮವಿದೆ. ಪತ್ರಗಳು ಹೊಸ ಬ್ಯಾಂಕಿಗೆ ಸೇರಿದ ಒಂದು ತಿಂಗಳ ನಂತರ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿ. ಅದರಲ್ಲಿ ಹಳೆಯ ಬ್ಯಾಂಕಿನ ಎಂಓಡಿ ರದ್ದಾದ ನಮೂದೂ ಹೊಸ ಬ್ಯಾಂಕಿನ ಎಂಓಡಿಯ ನಮೂದೂ ಎರಡೂ ಇರಬೇಕು. ಮೊದಲನೆಯದು ಇಲ್ಲದಿದ್ದರೆ ನಿಮ್ಮ ಮನೆ ದಾಖಲೆಯಲ್ಲಿ ಎರಡು ಬ್ಯಾಂಕುಗಳಿಗೆ ಅಡಮಾನವಾಗಿಯೇ ಉಳಿದಿದೆ ಎಂದರ್ಥ. ಮುಕ್ತಾಯ ಪ್ರಮಾಣಪತ್ರವನ್ನು ಹಿಡಿದು ಆ ವಾರವೇ ಹಳೆಯ ಶಾಖೆಗೆ ಹೋಗಿ, ರದ್ದತಿ ಪತ್ರ ನೋಂದಣಿಯಾಗುವ ದಿನಾಂಕವನ್ನು ಬರೆಸಿಕೊಂಡು ಬನ್ನಿ.